ಎಲ್‌ಡಿ ಯಾವಾಗ ಬೀಳುತ್ತೆ? ಸೈಟ್ ಸೂಪರ್‌ವೈಸರ್‌ಗಳಿಗೆ ಅರ್ಥ ಆಗೋ ಹಾಗೆ ಹೇಳ್ಬೇಕು

ಹಾಸನ ಬಿಲ್ಲಿಂಗ್
ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಒಬ್ಬ ಕಾಂಟ್ರಾಕ್ಟರ್ ಹತ್ರ ಬಿಲ್ಲಿಂಗ್ ನೋಡ್ಕೋತೀನಿ. ಊರಾಚೆ ಒಂದು ಖಾಸಗಿ ಹಾಸ್ಟೆಲ್ ಕಟ್ಟಿ ಮುಗಿಸಿದೀವಿ, ನೆಲಮಹಡಿ ಮೇಲೆ ಎರಡು ಮಹಡಿ. ಕರಾರಿನ ಮೊತ್ತ 1.8 ಕೋಟಿ. ಮಾರ್ಚ್ 31ಕ್ಕೆ ಮುಗೀಬೇಕಿತ್ತು, ಜೂನ್ 10ಕ್ಕೆ ಮುಗೀತು. ಈಗ ಮಾಲೀಕರು ಕೊನೇ ಬಿಲ್‌ನಲ್ಲಿ 9 ಲಕ್ಷ ಎಲ್‌ಡಿ, ಅಂದ್ರೆ ತಡಕ್ಕೆ ಕರಾರಿನಲ್ಲಿ ಮೊದಲೇ ಬರೆದಿಟ್ಟ ಪರಿಹಾರ, ಹಿಡಿದಿದ್ದಾರೆ.

ಕರಾರಿನ ಸಾಲು ಇಷ್ಟೇ: ತಡವಾದ ಪ್ರತಿ ವಾರಕ್ಕೆ ಅಥವಾ ವಾರದ ಭಾಗಕ್ಕೆ ಕರಾರು ಮೊತ್ತದ ಅರ್ಧ ಪರ್ಸೆಂಟ್, ಒಟ್ಟು 5 ಪರ್ಸೆಂಟ್ ಮೀರಬಾರದು.

ನಮ್ಮ ಮೂರು ಸೈಟ್ ಸೂಪರ್‌ವೈಸರ್‌ಗಳಿಗೆ ಈ ಸಾಲು ಕರಾರಿನಲ್ಲಿದೆ ಅಂತಾನೇ ಗೊತ್ತಿರಲಿಲ್ಲ. ಅದು ಆಫೀಸಿನ ವಿಷಯ ಅಂದ್ಕೊಂಡಿದ್ರು. ಅವರಿಗೆ ಒಂದು ಪುಟದಲ್ಲಿ ಕನ್ನಡದಲ್ಲಿ ಬರೆದುಕೊಡ್ಬೇಕು. ಏನು ಬರೀಲಿ, ಏನು ಬಿಡ್ಲಿ?

ಬೇಲೂರು ಕಂಬಿ
ನಂಗೂ 5 ಪರ್ಸೆಂಟ್ ಹಿಡಿದಿದ್ದಾರೆ ಅಣ್ಣ. ಒಂದು ವರ್ಷ ಆದ್ಮೇಲೆ ವಾಪಸ್ ಕೊಡ್ತೀವಿ ಅಂದ್ರು. ಕೊಡ್ತಾರಾ?

ಹಾಸನ ಬಿಲ್ಲಿಂಗ್
ಅದು ಠೇವಣಿ ದುಡ್ಡು ಕಣಣ್ಣ, ಪ್ರತಿ ಬಿಲ್‌ನಲ್ಲಿ ಹಿಡಿದು, ರಿಪೇರಿ ಅವಧಿ ಮುಗಿದ ಮೇಲೆ ಕೊಡೋದು. ಎಲ್‌ಡಿ ಹೋದ್ರೆ ಹೋದ ಹಾಗೆ.

ಮಲೆನಾಡ್ ಮೇಸ್ತ್ರಿ
ಬರೆಯೋಕೇನಿದೆ ಮಾರಾಯ್ರೆ? ಮಳೆ ಬಂತು, ಕೆಲಸ ನಿಂತಿತು ಅಂತ ಬರೆದು ಕೊಟ್ಟರಾಯ್ತು. ನಮ್ಮ ಮೂಡಿಗೆರೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ಕಾಂಕ್ರೀಟ್ ಹಾಕೋದೇ ಒಂದು ಸಾಹಸ. ಮಳೆಗೆ ಎಲ್‌ಡಿ ಹಾಕೋಕೆ ಬರಲ್ಲ.

ಕ್ಯೂಎಸ್ ಚಿಕ್ಕಮಗಳೂರು
ಹಾಕೋಕೆ ಬರುತ್ತೆ ಸಾರ್. ಮೂಡಿಗೆರೆಯಲ್ಲಿ ಜುಲೈಲಿ ಮಳೆ ಬರುತ್ತೆ ಅನ್ನೋದು ಟೆಂಡರ್ ಹಾಕೋವಾಗ್ಲೇ ನಿಮಗೆ ಗೊತ್ತು. ಗೊತ್ತಿದ್ದೇ ಹನ್ನೆರಡು ತಿಂಗಳಲ್ಲಿ ಮುಗಿಸ್ತೀನಿ ಅಂತ ಸಹಿ ಹಾಕಿರ್ತೀರಿ. ಹೆಚ್ಚಿನ ಕರಾರುಗಳಲ್ಲಿ ಸಾಮಾನ್ಯ ಮಳೆಗೆ ದಿನ ಕೊಡಲ್ಲ, ಅಸಾಧಾರಣ ಮಳೆಗೆ ಮಾತ್ರ. ಅಸಾಧಾರಣ ಅಂತ ತೋರಿಸೋದು ನಿಮ್ಮ ಕೆಲಸ.

ಮೂಲ ಪ್ರಶ್ನೆಗೆ ಬರ್ತೀನಿ. ಸೂಪರ್‌ವೈಸರ್‌ಗೆ ಮೊದಲು ತಲೆಗೆ ಹೋಗಬೇಕಾದ್ದು: ಎಲ್‌ಡಿ ಹತ್ತೋಕೆ ಯಾರೂ ಜಗಳ ಆಡಬೇಕಿಲ್ಲ, ಯಾರೂ ನೋಟಿಸ್ ಕೊಡದೇ ಇರಬಹುದು. ಮುಗಿಸೋ ತಾರೀಖು ದಾಟಿದ ಮರುದಿನದಿಂದ ಮೀಟರ್ ಓಡುತ್ತೆ. ಆ ಮೀಟರ್ ನಿಲ್ಲಿಸೋಕೆ ಎರಡೇ ದಾರಿ. ಒಂದು, ಕೆಲಸ ಮುಗಿದು ಮುಗಿದ ತಾರೀಖು ಕಾಗದದ ಮೇಲೆ ಬರಬೇಕು. ಇನ್ನೊಂದು, ಮುಗಿಸೋ ತಾರೀಖೇ ಮುಂದಕ್ಕೆ ಹೋಗಬೇಕು, ಅಂದ್ರೆ ಇಓಟಿ ಸಿಗಬೇಕು. "ನಮ್ಮ ತಪ್ಪಿಲ್ಲ ಸಾರ್" ಅನ್ನೋದು ದಾರಿ ಅಲ್ಲ. ಆ ಮಾತು ಇಓಟಿ ಪತ್ರವಾಗಿ ಬದಲಾದಾಗ ಮಾತ್ರ ಲೆಕ್ಕಕ್ಕೆ ಬರುತ್ತೆ.

ಇಓಟಿ ನಿಲ್ಲೋದು ಸೈಟ್‌ನಲ್ಲಿ ಬರೆದಿಟ್ಟ ಅಡಚಣೆ ದಾಖಲೆ ಮೇಲೆ. ಹಾಗಾಗಿ ಇದು ಆಫೀಸಿನ ವಿಷಯ ಅಲ್ವೇ ಅಲ್ಲ.

ನಿಮ್ಮ ಹಾಸ್ಟೆಲ್‌ನಲ್ಲಿ ಕೆಲಸ ನಿಂತಿದ್ದು ಯಾವ್ಯಾವಾಗ? ತಾರೀಖು ಕೊಡಿ, ಲೆಕ್ಕ ಹಾಕಿ ನೋಡೋಣ.

ಹಾಸನ ಬಿಲ್ಲಿಂಗ್
ಮೇಡಂ, ಕೆಲಸ ಶುರು ಆಗಿದ್ದು ಹಿಂದಿನ ವರ್ಷದ ಏಪ್ರಿಲ್ 1ಕ್ಕೆ. ಪೂರ್ವ ಭಾಗದಲ್ಲಿ ಅಗೆದಾಗ ಮಣ್ಣು ಮೆತ್ತಗೆ ಬಂತು, ಫೂಟಿಂಗ್‌ಗೆ ಬದಲಾದ ಡ್ರಾಯಿಂಗ್ ಬೇಕು ಅಂತ ಮೇ 5ಕ್ಕೆ ಕೇಳಿದ್ವಿ, ಮೇ 23ಕ್ಕೆ ಬಂತು. ಅಲ್ಲಿಗೆ 18 ದಿನ.

ಅದೇ ಭಾಗದ ಮೇಲೆ ಕರೆಂಟ್ ಲೈನ್ ಹಾದು ಹೋಗಿತ್ತು. ಮೇ 14ರ ಒಳಗೆ ಅದನ್ನ ಶಿಫ್ಟ್ ಮಾಡಿಸಿಕೊಡ್ತೀವಿ ಅಂತ ಮಾಲೀಕರೇ ಕರಾರಿನಲ್ಲಿ ಬರೆದಿದ್ದಾರೆ. ಜಾಗ ನಮ್ಮ ಕೈಗೆ ಬಂದಿದ್ದು ಜೂನ್ 7ಕ್ಕೆ. ಇದು 24 ದಿನ.

ಜುಲೈ, ಆಗಸ್ಟ್‌ನಲ್ಲಿ ಮಳೆಗೆ 20 ದಿನ.

ಒಟ್ಟು 62 ದಿನ. ನಾವು ತಡ ಮಾಡಿರೋದು 71 ದಿನ. ಹಾಗಾದ್ರೆ ನಮ್ಮದು 9 ದಿನ ಅಷ್ಟೇ ಅಲ್ವಾ?

ಕ್ಯೂಎಸ್ ಚಿಕ್ಕಮಗಳೂರು
ಅಲ್ಲ. ಮೊದಲು ಅವರ 9 ಲಕ್ಷ ಎಲ್ಲಿಂದ ಬಂತು ನೋಡಿ. 71 ದಿನ ಅಂದ್ರೆ ಹತ್ತು ವಾರ, ಒಂದು ದಿನ. ಕರಾರಿನಲ್ಲಿ "ವಾರದ ಭಾಗಕ್ಕೆ" ಅಂತ ಇರೋದ್ರಿಂದ ಆ ಒಂದು ದಿನವೂ ಪೂರ್ತಿ ವಾರ. 1.8 ಕೋಟಿಯ ಅರ್ಧ ಪರ್ಸೆಂಟ್ 90 ಸಾವಿರ. ಹನ್ನೊಂದು ವಾರಕ್ಕೆ 9.9 ಲಕ್ಷ. 5 ಪರ್ಸೆಂಟ್ ಮಿತಿ ಇರೋದ್ರಿಂದ 9 ಲಕ್ಷಕ್ಕೆ ನಿಂತಿದೆ. ಅವರು ನಿಮಗೆ ಒಂದು ದಿನದ ಇಓಟಿಯನ್ನೂ ಕೊಟ್ಟಿಲ್ಲ ಅಂತ ಅರ್ಥ.

ಈಗ ನಿಮ್ಮ ದಿನಗಳು. ಡ್ರಾಯಿಂಗ್‌ಗೆ ಕಾದಿದ್ದು ಮೇ 5ರಿಂದ 22ರವರೆಗೆ. ಲೈನ್‌ಗೆ ಕಾದಿದ್ದು ಮೇ 14ರಿಂದ ಜೂನ್ 6ರವರೆಗೆ. ಮೇ 14ರಿಂದ 22ರ 9 ದಿನ ಎರಡರಲ್ಲೂ ಇವೆ. ನಿಂತಿದ್ದು ಒಂದೇ ಕೆಲಸ, ಒಂದೇ ಜಾಗ. ಒಂದು ದಿನವನ್ನ ಎರಡು ಸಲ ಕೇಳೋಕಾಗಲ್ಲ. 18ಕ್ಕೆ 24 ಸೇರಿಸಿ 9 ಕಳೆದ್ರೆ 33 ದಿನ. ಕ್ಯಾಲೆಂಡರ್ ಮೇಲೆ ಬೆರಳಿಟ್ಟು ಮೇ 5ರಿಂದ ಜೂನ್ 6ರವರೆಗೆ ಎಣಿಸಿ, ಅದೇ 33 ಬರುತ್ತೆ.

ಮಳೆ ಸದ್ಯಕ್ಕೆ ಪಕ್ಕಕ್ಕಿಡಿ. 71ರಲ್ಲಿ 33 ಕಳೆದ್ರೆ 38. ಅದು ಐದು ವಾರ ಮೂರು ದಿನ, ಲೆಕ್ಕಕ್ಕೆ ಆರು ವಾರ, 5.4 ಲಕ್ಷ. ಈಗ ಆ 20 ಮಳೆ ದಿನದಲ್ಲಿ ಬರೀ ಮೂರು ದಿನ ಒಪ್ಪಿಸಿದ್ರೂ 35 ದಿನಕ್ಕೆ ಇಳಿಯುತ್ತೆ, ಸರಿಯಾಗಿ ಐದು ವಾರ, 4.5 ಲಕ್ಷ. ಮೂರು ದಿನಕ್ಕೆ 90 ಸಾವಿರ! ಸೂಪರ್‌ವೈಸರ್‌ಗೆ ಇದನ್ನ ತೋರಿಸಿ, ಡೈರಿ ಬರೆಯೋಕೆ ಬೇರೆ ಕಾರಣ ಹೇಳೋದೇ ಬೇಡ.

ಆಲೂರು ಜೆಸಿಬಿ
ಮೂರು ದಿನಕ್ಕೆ 90 ಸಾವಿರ. ನಮ್ಮ ಗಾಡಿಗೂ ಅಷ್ಟು ಬಾಡಿಗೆ ಇಲ್ಲ ಗುರು 😄

ನಿವೃತ್ತ ಎಇಇ
ಮೇಡಂ ಅವರ ಲೆಕ್ಕ ಸರಿ. ಆದರೆ ಆ 33 ದಿನವನ್ನೂ ಮಾಲೀಕರ ಕಡೆಯ ಎಂಜಿನಿಯರ್ ಹಾಗೇ ಒಪ್ಪುವುದಿಲ್ಲ. ನಾನಾಗಿದ್ದರೆ ಕೇಳುತ್ತಿದ್ದ ಮೊದಲ ಪ್ರಶ್ನೆ: ಪೂರ್ವ ಭಾಗ ನಿಂತಿದ್ದಾಗ ಪಶ್ಚಿಮ ಭಾಗದಲ್ಲಿ ಏನು ನಡೆಯುತ್ತಿತ್ತು? ಅಲ್ಲಿ ಫೂಟಿಂಗ್, ಕಾಲಂ ಕೆಲಸ ನಡೆದಿದ್ದರೆ ಸೈಟ್ ಪೂರ್ತಿ ನಿಂತಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆ, ಅಂದರೆ ಸಿಪಿಡಬ್ಲ್ಯುಡಿ ಮಾದರಿಯ ಹಿಂಡ್ರನ್ಸ್ ರಿಜಿಸ್ಟರ್ ಎಂಬ ಅಡಚಣೆ ಪುಸ್ತಕದಲ್ಲಿ ಇದಕ್ಕೇ ಅಂಕಣಗಳು ಇರುತ್ತವೆ. ಅಡಚಣೆ ಎಷ್ಟು ದಿನ, ಅದರಲ್ಲಿ ಬೇರೆ ಅಡಚಣೆಯ ಜೊತೆ ಸೇರಿಹೋದದ್ದು ಎಷ್ಟು, ಉಳಿದದ್ದರ ತೂಕ ಎಷ್ಟು ಅಂತ. ಕೆಲಸದ ಒಂದು ಭಾಗ ಮಾತ್ರ ನಿಂತಿದ್ದರೆ ಪೂರ್ತಿ ದಿನ ಸಿಗುವುದಿಲ್ಲ.

ಇದಕ್ಕೆ ಉತ್ತರ ಏನೆಂದರೆ, ಮುಂದಿನ ಕೆಲಸ ಯಾವುದಕ್ಕೆ ಕಾಯುತ್ತಿತ್ತು ಅಂತ ತೋರಿಸುವುದು. ಪ್ಲಿಂತ್ ಬೀಮ್ ಪೂರ್ವ, ಪಶ್ಚಿಮ ಎರಡನ್ನೂ ಸೇರಿಸಿ ಹಾಕುವುದಾಗಿದ್ದು, ಪೂರ್ವದ ಫೂಟಿಂಗ್ ಆಗದೆ ಬೀಮ್ ಮುಂದಕ್ಕೆ ಹೋಗದಿದ್ದರೆ, ಪಶ್ಚಿಮದಲ್ಲಿ ನೀವು ಎಷ್ಟು ಕೆಲಸ ಮಾಡಿದ್ದರೂ ಕಟ್ಟಡ ಮುಗಿಯುವ ದಿನ ಅಷ್ಟೇ ದಿನ ಮುಂದಕ್ಕೆ ಹೋಗಿದೆ. ಸೂಪರ್‌ವೈಸರ್ ಡೈರಿಯಲ್ಲಿ "ಕೆಲಸ ನಿಂತಿದೆ" ಅಂತ ಬರೆದರೆ ಸಾಲದು. ಯಾವ ಕಂಬದ ಕೆಲಸ ನಿಂತಿದೆ, ಯಾವ ಗ್ಯಾಂಗ್ ಖಾಲಿ ಕೂತಿದೆ, ಇದಾಗದೆ ಮುಂದೆ ಯಾವುದು ಆಗಲ್ಲ, ಇಷ್ಟನ್ನು ಬರೆಯಬೇಕು. ಅಡಚಣೆ ತೆಗೆದ ದಿನವನ್ನೂ ಬರೆಯಬೇಕು. ಶುರುವಾದ ತಾರೀಖು ಇದ್ದು, ಮುಗಿದ ತಾರೀಖು ಖಾಲಿ ಇರುವ ರಿಜಿಸ್ಟರುಗಳನ್ನು ನನ್ನ ಸರ್ವಿಸ್‌ನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹಾಸನ ಬಿಲ್ಲಿಂಗ್
ಪ್ಲಿಂತ್ ಬೀಮ್ ಒಟ್ಟಿಗೇ ಹಾಕಿದ್ದು ಸಾರ್. ಆದ್ರೆ ರಿಜಿಸ್ಟರ್ ಇಟ್ಟಿಲ್ಲ, ಖಾಸಗಿ ಕೆಲಸ ಅಲ್ವಾ. ವಾಟ್ಸಾಪ್ ಗ್ರೂಪ್‌ನಲ್ಲಿ ಎಲ್ಲ ಇದೆ. "ಸಾರ್ ಡ್ರಾಯಿಂಗ್ ಕಳ್ಸಿ" ಅಂತ ಸೂಪರ್‌ವೈಸರ್ ಐದಾರು ಸಲ ಹಾಕಿದ್ದಾನೆ. ಆರ್ಕಿಟೆಕ್ಟ್ ಹೆಬ್ಬೆರಳು ಒತ್ತಿದ್ದಾರೆ.

ಕೋರ್ಟ್ ರಸ್ತೆ
ವಾಟ್ಸಾಪ್ ಸಾಕ್ಷಿ ಆಗುತ್ತೆ, ಅದಕ್ಕೆ ಬೇಕಾದ ಪ್ರಮಾಣಪತ್ರ ಜೊತೆಗಿಟ್ಟು ಹಾಜರುಪಡಿಸಬೇಕು. ಆದ್ರೆ ಸಾಕ್ಷಿ ಬೇರೆ, ನೋಟಿಸ್ ಬೇರೆ. ಅಡಚಣೆ ಬಂದ ಇಷ್ಟು ದಿನದೊಳಗೆ ಲಿಖಿತವಾಗಿ ತಿಳಿಸಬೇಕು ಅಂತ ನಿಮ್ಮ ಕರಾರಿನಲ್ಲಿ ಇದೆಯಾ? ಸಿಪಿಡಬ್ಲ್ಯುಡಿ ಕರಾರಿನಲ್ಲಿ 14 ದಿನ. ಖಾಸಗಿಯಲ್ಲಿ 7 ದಿನವೂ ಇರುತ್ತೆ.

ಇನ್ನೊಂದು ವಿಷಯ. ಇಷ್ಟೆಲ್ಲ ಲೆಕ್ಕ ಯಾಕೆ? ಕರಾರು ಕಾಯ್ದೆ 1872ರ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಒಂದು ಗರಿಷ್ಠ ಮಿತಿ ಅಷ್ಟೇ, ಸಿಗೋದು ಅದರೊಳಗಿನ ನ್ಯಾಯವಾದ ಪರಿಹಾರ. ಮಾಲೀಕರಿಗೆ ನಷ್ಟವೇ ಆಗಿಲ್ಲ ಅಂದ್ರೆ ಎಲ್‌ಡಿ ಇಲ್ಲ. 2015ರ ಕೈಲಾಶ್ ನಾಥ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಏಪ್ರಿಲ್, ಮೇ ಹಾಸ್ಟೆಲ್‌ಗೆ ರಜೆ. ಆ ಎರಡು ತಿಂಗಳಿಗೆ ಅವರಿಗೆ ಎಂಥ ನಷ್ಟ? ಎಲ್‌ಡಿ ಪೂರ್ತಿ ಬಿದ್ದುಹೋಗುತ್ತೆ.

ಕ್ಯೂಎಸ್ ಚಿಕ್ಕಮಗಳೂರು
ಪೂರ್ತಿ ಬಿದ್ದುಹೋಗುತ್ತೆ ಅಂತ ಹೇಳ್ಬೇಡಿ ಸಾರ್. ಅದೇ ಸುಪ್ರೀಂ ಕೋರ್ಟ್ 2003ರ ಸಾ ಪೈಪ್ಸ್ ತೀರ್ಪಿನಲ್ಲಿ, ನಷ್ಟವನ್ನ ಲೆಕ್ಕ ಹಾಕಿ ತೋರಿಸೋದು ಕಷ್ಟವಾದ ಕಡೆ, ಮೊದಲೇ ಪ್ರಾಮಾಣಿಕವಾಗಿ ಅಂದಾಜು ಮಾಡಿ ಬರೆದ ಮೊತ್ತವನ್ನೇ ಕೊಡಿಸಬಹುದು ಅಂದಿದೆ. 2015ರ ತೀರ್ಪೂ ಅದನ್ನ ತಳ್ಳಿಹಾಕಿಲ್ಲ. ಹಾಸ್ಟೆಲ್ ಬಾಡಿಗೆ ಲೆಕ್ಕಕ್ಕೆ ಸಿಗೋ ನಷ್ಟ, ಸೇತುವೆ ತಡವಾದ ಹಾಗಲ್ಲ ಅಂತ ನೀವು ವಾದ ಮಾಡಬಹುದು. ಅಡ್ಮಿಷನ್ ಏಪ್ರಿಲ್‌ನಲ್ಲೇ ಶುರು, ಕಟ್ಟಡ ತೋರಿಸೋಕಾಗದೆ ಮಕ್ಕಳು ಬೇರೆ ಕಡೆ ಹೋದ್ರು ಅಂತ ಅವರೂ ವಾದ ಮಾಡಬಹುದು.

ಮುಖ್ಯ ವಿಷಯ, ದುಡ್ಡು ಈಗ ಅವರ ಕೈಲಿದೆ. ಬಿಲ್‌ನಲ್ಲೇ ಮುರಿದುಕೊಂಡಾಗಿದೆ. ಮಧ್ಯಸ್ಥಿಕೆಗೆ ಹೋಗಬೇಕಾದ್ದು, ಫೀಸು ಕಟ್ಟಬೇಕಾದ್ದು ಕಾಂಟ್ರಾಕ್ಟರ್. 9 ಲಕ್ಷಕ್ಕೆ ಯಾರು ಎರಡು ಮೂರು ವರ್ಷ ಅಲೀತಾರೆ?

ಕೋರ್ಟ್ ರಸ್ತೆ
ವಾದಕ್ಕೆ ಹೇಳಿದೆ ಮೇಡಂ, ಅಲೀರಿ ಅಂತಲ್ಲ. ಹಾಗಿದ್ರೆ ಅದೇ ಕಾಯ್ದೆಯ 55ನೇ ಕಲಂ ನೋಡಿ. ಗಡುವು ದಾಟಿದ ಮೇಲೂ ಮಾಲೀಕರು ಸುಮ್ಮನೆ ಕೆಲಸ ಮಾಡಿಸಿಕೊಂಡು, ಪರಿಹಾರ ಕೇಳ್ತೀವಿ ಅಂತ ಒಪ್ಪಿಕೊಳ್ಳುವಾಗ ತಿಳಿಸದೇ ಇದ್ರೆ, ಆಮೇಲೆ ಆ ತಡಕ್ಕೆ ಪರಿಹಾರ ಕೇಳೋಕೆ ಬರಲ್ಲ. ಮಾರ್ಚ್ 31 ಆದ್ಮೇಲೆ ಅವರು ಏನಾದ್ರೂ ಪತ್ರ ಕೊಟ್ಟಿದ್ರಾ?

ಹಾಸನ ಬಿಲ್ಲಿಂಗ್
ನೋಡಿದೆ ಸಾರ್. ಏಪ್ರಿಲ್ 2ಕ್ಕೆ ಒಂದು ಕೊಟ್ಟಿದ್ದಾರೆ. "ಎಲ್‌ಡಿ ವಿಧಿಸುವ ಹಕ್ಕನ್ನು ಕಾಯ್ದಿರಿಸಿ, ಕೆಲಸ ಮುಂದುವರಿಸಲು ಅವಕಾಶ ನೀಡಲಾಗಿದೆ" ಅಂತ ಇದೆ. ಕೆಳಗೆ ನಮ್ಮ ಸೂಪರ್‌ವೈಸರ್ ಸಹಿ. ಕೆಲಸ ಮುಂದುವರಿಸಿ ಅಂದಿದ್ದಾರೆ, ಇಓಟಿ ಸಿಕ್ಕಿದೆ ಅಂತ ಅವನು ಖುಷಿಯಾಗಿ ಫೈಲ್‌ಗೆ ಹಾಕಿದ್ದಾನೆ.

ಕೋರ್ಟ್ ರಸ್ತೆ
ಹಾಗಿದ್ರೆ ಅವರ ವಕೀಲರು ಚೆನ್ನಾಗಿದ್ದಾರೆ.

ನಿವೃತ್ತ ಎಇಇ
ನಿಮ್ಮ ಒಂದು ಪುಟದಲ್ಲಿ ಇದು ಖಂಡಿತ ಇರಲಿ. ಸಮಯ ಕೊಟ್ಟ ಪತ್ರ ಎರಡು ಥರ ಇರುತ್ತದೆ. ಮುಗಿಸುವ ತಾರೀಖನ್ನೇ ಬದಲಾಯಿಸಿ, ಆ ದಿನದವರೆಗೆ ಎಲ್‌ಡಿ ಇಲ್ಲ ಅನ್ನುವುದು ಒಂದು. ಕೆಲಸ ನಡೆಸಿ, ದಂಡದ ವಿಷಯ ಆಮೇಲೆ ನೋಡೋಣ ಅನ್ನುವುದು ಇನ್ನೊಂದು. ನಿಮಗೆ ಬಂದಿರುವುದು ಎರಡನೆಯದು. ಸೈಟಿಗೆ ಇಂಥ ಪತ್ರ ಬಂದರೆ ಸೂಪರ್‌ವೈಸರ್ "ಸ್ವೀಕರಿಸಿದೆ" ಅಂತ ಮಾತ್ರ ತಾರೀಖು ಹಾಕಿ ಸಹಿ ಮಾಡಿ, ಅದೇ ದಿನ ಆಫೀಸಿಗೆ ಕಳಿಸಬೇಕು. "ಒಪ್ಪಿದೆ" ಅಂತ ಬರೆಯುವ ಅಧಿಕಾರ ಅವನಿಗಿಲ್ಲ.

ಮಲೆನಾಡ್ ಮೇಸ್ತ್ರಿ
ಸರಿ, ಮಳೆ ಅಸಾಧಾರಣ ಅಂತ ತೋರಿಸೋದು ಹೆಂಗೆ ಮಾರಾಯ್ರೆ? ನಮ್ಮಲ್ಲಿ ಎಲ್ಲಾ ವರ್ಷವೂ ಅಸಾಧಾರಣವೇ.

ಸಕಲೇಶಪುರ ಸೈಟ್
ಮೂಡಿಗೆರೆ ಮಳೆಗೆ ಹಾಸನದವರು ದಿನ ಕೇಳೋಕಾಗಲ್ಲ ಬಿಡಿ 😀 ಸಕಲೇಶಪುರದಲ್ಲಿ ಕೊಡೆ ಹಿಡಿದು ಬಸ್ ಹತ್ತಿದ್ರೆ ಹಾಸನದಲ್ಲಿ ಬಿಸಿಲಲ್ಲಿ ಇಳೀತೀವಿ.

ಆಲೂರು ಜೆಸಿಬಿ
ನಡುವೆ ನಮ್ಮ ಆಲೂರಲ್ಲಿ ಕೊಡೆ ಬಿಚ್ಚಿ ಮುಚ್ಚಿ ಬಿಚ್ಚಿ ಮುಚ್ಚಿ ಕೈ ನೋವು.

ಕ್ಯೂಎಸ್ ಚಿಕ್ಕಮಗಳೂರು
ತಮಾಷೆಗೆ ಅಂದ್ರೂ ಅದೇ ಪಾಯಿಂಟ್. ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಹೋಬಳಿ ಮಟ್ಟದಲ್ಲೂ ಇವೆ. ನಿಮ್ಮ ಸೈಟಿಗೆ ಹತ್ತಿರದ ಮಾಪಕದಲ್ಲಿ ಆ ದಿನ ಎಷ್ಟು ಬಿತ್ತು, ಆ ಹೊತ್ತಿನ ವಾಡಿಕೆ ಮಳೆ ಎಷ್ಟು, ಎರಡನ್ನೂ ಪಕ್ಕಪಕ್ಕ ಇಡಿ. ವಾಡಿಕೆಗಿಂತ ತುಂಬಾ ಮೇಲೆ ಹೋದ ದಿನ ಮಾತ್ರ ಆರಿಸಿ. ಅದೇ ದಿನದ ಸೈಟ್ ಡೈರಿಯಲ್ಲಿ ಎಷ್ಟು ಗಂಟೆಗೆ ಯಾವ ಕೆಲಸ ನಿಂತಿತು ಅಂತ ಇರಬೇಕು. ಮರುದಿನ ಮಳೆ ಇಲ್ಲ, ಆದ್ರೂ ಗುಂಡಿಯಿಂದ ನೀರು ಪಂಪ್ ಮಾಡ್ತಾ ಅರ್ಧ ದಿನ ಹೋಗಿರುತ್ತೆ. ಅದನ್ನ ಬರೆಯೋರೇ ಕಡಿಮೆ. 20 ದಿನ ಕೇಳಿ 20ನ್ನೂ ಕಳ್ಕೊಳ್ಳೋದಕ್ಕಿಂತ ದಾಖಲೆ ಗಟ್ಟಿ ಇರೋ ನಾಲ್ಕು ದಿನ ಕೇಳೋದು ಮೇಲು.

ಒಳಗೆ ಪ್ಲಾಸ್ಟರಿಂಗ್ ನಡೀತಿದ್ದ ದಿನಕ್ಕೆ ಮಳೆ ಅಂತ ಬರೀಲೇಬೇಡಿ. ಅಂಥ ಒಂದು ಸಾಲು ಸಿಕ್ಕಿದ್ರೆ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ನೋಡ್ತಾರೆ.

ನಿವೃತ್ತ ಎಇಇ
ಇಲ್ಲಿ ಇನ್ನೊಂದು ಎಳೆ ಇದೆ, ಯಾರೂ ಹೇಳಲಿಲ್ಲ. ಡ್ರಾಯಿಂಗ್ ಮತ್ತು ಲೈನ್ ಸಮಯಕ್ಕೆ ಆಗಿದ್ದರೆ ಪೂರ್ವದ ಫೂಟಿಂಗ್ ಮೇ ತಿಂಗಳಲ್ಲೇ, ಮಳೆಗಾಲ ಹಿಡಿಯುವ ಮುಂಚೆ ಮುಗಿಯುತ್ತಿತ್ತು. ಮಾಲೀಕರ ತಡದಿಂದ ಅದು ಜೂನ್ 7ರ ನಂತರಕ್ಕೆ ಹೋಯಿತು. ಹಾಗಾಗಿ ಜುಲೈ ಮಳೆ ಸಾಮಾನ್ಯವೇ ಆಗಿದ್ದರೂ, ನೆಲದ ಕೆಲಸ ಅದಕ್ಕೆ ಸಿಕ್ಕಿಹಾಕಿಕೊಂಡಿದ್ದು ಅವರ ತಡದಿಂದ ಅಂತ ಕೇಳಬಹುದು. ಇದನ್ನು ತೋರಿಸಲು, ಯಾವ ಕೆಲಸ ಯಾವಾಗ ಅಂತ ಶುರುವಿನಲ್ಲಿ ಕೊಟ್ಟ ಬಾರ್ ಚಾರ್ಟ್ ಬೇಕು.

ಕ್ಯೂಎಸ್ ಚಿಕ್ಕಮಗಳೂರು
ವಾದ ಚೆನ್ನಾಗಿದೆ ಸಾರ್, ಆದ್ರೆ ಖಾಸಗಿ ಮಾಲೀಕರು ಇದನ್ನ ಒಪ್ಪಿದ್ದು ನಾನು ನೋಡಿಲ್ಲ. 33 ದಿನಕ್ಕೆ ಒಪ್ಪಿಸಿ, ಇದನ್ನ ಚೌಕಾಸಿಗೆ ಇಟ್ಕೊಳ್ಳೋದು ಅಂತ ನನ್ನ ಅಭಿಪ್ರಾಯ.

ನಿವೃತ್ತ ಎಇಇ
ಚೌಕಾಸಿಗೆ ಇಡುವುದಾದರೂ ಮೊದಲ ಪತ್ರದಲ್ಲೇ ಬರೆದಿರಬೇಕು. ಆಮೇಲೆ ಸೇರಿಸಿದರೆ ನೆಪ ಅನ್ನಿಸುತ್ತದೆ.

ಬೇಲೂರು ಕಂಬಿ
ಕಾಫಿ ಕುಯ್ಲಿಗೆ ಆಳುಗಳೆಲ್ಲ ಎಸ್ಟೇಟ್‌ಗೆ ಹೋಗ್ತಾರೆ. ನಂಗೆ ಡಿಸೆಂಬರ್, ಜನವರಿ ಜನಾನೇ ಸಿಗಲ್ಲ. ಅದಕ್ಕೆ ದಿನ ಕೊಡ್ತಾರಾ?

ಕ್ಯೂಎಸ್ ಚಿಕ್ಕಮಗಳೂರು
ಇಲ್ಲ ಅಣ್ಣ. ಆಳು ಹೊಂದಿಸೋದು ಕಾಂಟ್ರಾಕ್ಟರ್ ಜವಾಬ್ದಾರಿ, ಕುಯ್ಲು ಪ್ರತಿ ವರ್ಷ ಬರುತ್ತೆ. ಎಂ-ಸ್ಯಾಂಡ್ ಸಿಗಲಿಲ್ಲ ಅನ್ನೋದಕ್ಕೂ ಸಾಮಾನ್ಯವಾಗಿ ಅದೇ ಉತ್ತರ.

ಬೇಲೂರು ಕಂಬಿ
ಹಂಗಾದ್ರೆ ಮೈನ್ ಕಾಂಟ್ರಾಕ್ಟರ್‌ಗೆ ಬಿದ್ದ ಎಲ್‌ಡಿ ನನ್ನ ಮೇಲೆ ಹಾಕ್ತಾರಾ? ನಂದು ಕಂಬಿ ಕೆಲಸ ಮಾತ್ರ, ಟನ್ ಲೆಕ್ಕ.

ಹಾಸನ ಬಿಲ್ಲಿಂಗ್
ನಿಮ್ಮ ವರ್ಕ್ ಆರ್ಡರ್‌ನಲ್ಲಿ "ಮುಖ್ಯ ಕರಾರಿನ ಷರತ್ತುಗಳು ಅನ್ವಯ" ಅಂತ ಒಂದು ಸಾಲು ಇದೆಯಾ ನೋಡಿ ಅಣ್ಣ. ಇದ್ರೆ ಹಾಕೋಕೆ ನೋಡ್ತಾರೆ. ಆಗಲೂ ನಿಮ್ಮಿಂದ ಆದ ತಡ ಎಷ್ಟು ಅಂತ ತೋರಿಸಿ ಅನ್ನಿ. ಸೆಂಟ್ರಿಂಗ್ ರೆಡಿ ಆಗದೆ ನೀವು ಕಂಬಿ ಕಟ್ಟೋದು ಎಲ್ಲಿ? ಸೆಂಟ್ರಿಂಗ್ ಮುಗಿಸಿ ಕೊಟ್ಟ ತಾರೀಖು ನೀವೇ ಒಂದು ಪುಸ್ತಕದಲ್ಲಿ ಬರೆದು ಸೂಪರ್‌ವೈಸರ್ ಸಹಿ ಹಾಕಿಸ್ಕೊಳ್ಳಿ.

ಗುತ್ತಿಗೆ ಗೌಡ
ಸರ್ಕಾರಿ ಕೆಲಸಕ್ಕೆ ಬನ್ನಿ. ಅಲ್ಲಿ ತಡ ಆದ್ರೆ ನೇರ 10 ಪರ್ಸೆಂಟ್.

ನಿವೃತ್ತ ಎಇಇ
10 ಪರ್ಸೆಂಟ್ ಮಿತಿ ಗೌಡ್ರೆ, ದರ ಅಲ್ಲ. ಸಿಪಿಡಬ್ಲ್ಯುಡಿಯಲ್ಲಿ ತಿಂಗಳಿಗೆ 1 ಪರ್ಸೆಂಟ್, ಅದೂ ದಿನದ ಲೆಕ್ಕದಲ್ಲಿ. ನಮ್ಮ ರಾಜ್ಯದ ಟೆಂಡರ್ ದಾಖಲೆಗಳಲ್ಲಿ ದಿನಕ್ಕೆ ಎಷ್ಟು, ಮಿತಿ ಎಷ್ಟು ಅಂತ ಆಯಾ ಕರಾರಿನ ವಿವರ ಪಟ್ಟಿಯಲ್ಲಿ ತುಂಬಿರುತ್ತಾರೆ. ಅಲ್ಲಿ ಮೈಲಿಗಲ್ಲುಗಳೂ ಇರುತ್ತವೆ. ಪ್ಲಿಂತ್‌ಗೆ ಒಂದು ತಾರೀಖು, ಛಾವಣಿಗೆ ಒಂದು ತಾರೀಖು. ಅಲ್ಲಿ ಕೊನೇ ತಾರೀಖಿಗೆ ಕಾಯುವ ಹಾಗೇ ಇಲ್ಲ, ನಡುವೆಯೇ ಬಿಲ್‌ನಲ್ಲಿ ಹಿಡಿಯಬಹುದು.

ಲೆಕ್ಕಪತ್ರ
ಒಂದು ಸಣ್ಣ ವಿಷಯ. ಎಲ್‌ಡಿ ಹಿಡಿದ ದುಡ್ಡಿಗೆ ಮತ್ತೆ ಜಿಎಸ್‌ಟಿ ಸೇರಿಸಿ ಮುರೀತಾರೆ ಕೆಲವರು. 2022ರ ಆಗಸ್ಟ್ ಸುತ್ತೋಲೆಯಲ್ಲಿ ಇಂಥ ಪರಿಹಾರಕ್ಕೆ ಜಿಎಸ್‌ಟಿ ಇಲ್ಲ ಅಂತ ಸ್ಪಷ್ಟ ಮಾಡಿದ್ದಾರೆ. ನಿಮ್ಮ ಕೊನೇ ಬಿಲ್ ಒಂದು ಸಲ ನೋಡಿ.

ಹಾಸನ ಬಿಲ್ಲಿಂಗ್
ಅದನ್ನ ಮಾಡಿಲ್ಲ, ಪುಣ್ಯ. ಇಷ್ಟು ಕೇಳಿದ್ಮೇಲೆ ಸೂಪರ್‌ವೈಸರ್ ಪುಟಕ್ಕೆ ನಾನು ಬರೆದಿದ್ದು ಹೀಗಿದೆ, ತಿದ್ದಿ:

"ಈ ಸೈಟ್ ಮುಗಿಯಬೇಕಾದ ತಾರೀಖು ಇದು. ದಾಟಿದರೆ ವಾರಕ್ಕೆ ಇಷ್ಟು ಸಾವಿರ ಹೋಗುತ್ತದೆ, ಒಂದು ದಿನ ದಾಟಿದರೂ ಒಂದು ವಾರ. ಮಾಲೀಕರ ಕಡೆಯಿಂದ ಡ್ರಾಯಿಂಗ್, ಜಾಗ, ಸಾಮಾನು, ಅನುಮತಿ ಯಾವುದಕ್ಕೆ ಕಾದರೂ ಅದೇ ಸಂಜೆ ಡೈರಿಯಲ್ಲಿ ಬರೆದು ಆಫೀಸಿಗೆ ಫೋಟೋ ಕಳಿಸಿ, ಪತ್ರ ಆಫೀಸು ಹಾಕುತ್ತದೆ. ಯಾವ ಕೆಲಸ ನಿಂತಿದೆ, ಅದರಿಂದ ಮುಂದೆ ಯಾವುದು ನಿಲ್ಲುತ್ತದೆ ಬರೆಯಿರಿ. ಅಡಚಣೆ ಹೋದ ದಿನವೂ ಬರೆಯಿರಿ. ನಮ್ಮ ಕಡೆಯಿಂದಲೇ ತಡವಾಗಿದ್ದರೆ ಅದನ್ನೂ ಇದ್ದ ಹಾಗೇ ಬರೆಯಿರಿ. ಮಾಲೀಕರ ಯಾವ ಪತ್ರಕ್ಕೂ 'ಸ್ವೀಕರಿಸಿದೆ' ಬಿಟ್ಟು ಬೇರೇನೂ ಬರೆಯಬೇಡಿ."

ಗುತ್ತಿಗೆ ಗೌಡ
ನಮ್ಮ ತಡಾನೂ ನಾವೇ ಬರೆದು ಕೊಡೋದಾ? ಹಗ್ಗ ಕೊಟ್ಟು ಕೈ ಕಟ್ಟಿಸ್ಕೊಂಡ ಹಾಗೆ.

ಕ್ಯೂಎಸ್ ಚಿಕ್ಕಮಗಳೂರು
ಆ ಸಾಲು ಇರಲಿ. ಎಲ್ಲಾ ಅಡಚಣೆಯೂ ಮಾಲೀಕರದ್ದೇ ಅಂತಿರೋ ಡೈರಿಯನ್ನ ಯಾರೂ ನಂಬಲ್ಲ. ನಿಮಗೆ ಉಳಿದಿರೋ ಆ 38 ದಿನ ಎಲ್ಲಿ ಹೋಯ್ತು ಅಂತ ನಿಮಗಾದ್ರೂ ಗೊತ್ತಾಗಬೇಕಲ್ಲ.

ಗುತ್ತಿಗೆ ಗೌಡ
ಒಪ್ಪಲ್ಲ ಮೇಡಂ. ಒಳಗೆ ಬೇರೆ ಪುಸ್ತಕ ಇಟ್ಕೊಳ್ಳಿ.

ಸಕಲೇಶಪುರ ಸೈಟ್
ನಂದೊಂದು ಪ್ರಶ್ನೆ. ನಮ್ಮ ಸೈಟ್‌ನಲ್ಲಿ ಮಾಲೀಕರು ನೆಲಮಹಡಿಗೆ ಆಗಲೇ ಸಾಮಾನು ತಂದು ಇಳಿಸಿ ಆಫೀಸ್ ಶುರು ಮಾಡಿದ್ದಾರೆ. ಮೇಲೆ ಪೇಂಟಿಂಗ್ ಬಾಕಿ. ಪೂರ್ತಿ ಮೊತ್ತದ ಮೇಲೆ ಎಲ್‌ಡಿ ಓಡ್ತಾನೇ ಇರುತ್ತಾ?

ನಿವೃತ್ತ ಎಇಇ
ಭಾಗವಾಗಿ ವಶಕ್ಕೆ ಪಡೆದರೆ ಎಲ್‌ಡಿಯೂ ಆ ಪ್ರಮಾಣದಲ್ಲಿ ಇಳಿಯುತ್ತದೆ ಅನ್ನುವ ಷರತ್ತು ಕೆಲವು ಕರಾರುಗಳಲ್ಲಿ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಸುಲಭ. ಇಲ್ಲದಿದ್ದರೂ ಅವರು ಒಳಗೆ ಬಂದ ತಾರೀಖು ಹಾಕಿ, ಇಷ್ಟು ಜಾಗ ಬಳಸುತ್ತಿದ್ದೀರಿ ಅಂತ ಇವತ್ತೇ ಪತ್ರ ಕೊಡಿ, ಮೇಜು ಕುರ್ಚಿ ಕಾಣುವ ಫೋಟೋ ಜೊತೆಗಿಡಿ.

ಕೋರ್ಟ್ ರಸ್ತೆ
ಷರತ್ತು ಇಲ್ಲದಿದ್ರೆ 74ನೇ ಕಲಂ ಇಲ್ಲಿ ಹಾಸ್ಟೆಲ್‌ಗಿಂತ ಚೆನ್ನಾಗಿ ಕೂರುತ್ತೆ. ಬಳಸ್ತಾ ಇರೋ ಮಹಡಿಗೆ ನಷ್ಟ ಅನ್ನೋದು ಕಷ್ಟ.

ಸಕಲೇಶಪುರ ಸೈಟ್
ಪತ್ರ ಬರೀತೀನಿ. ಆದ್ರೆ ಅವರ ಎಂಜಿನಿಯರ್ ಕೂತಿರೋದೇ ಆ ಆಫೀಸಲ್ಲಿ, ಸ್ವೀಕೃತಿ ಸಹಿ ಹಾಕಲ್ಲ ಅಂತಾನೆ.

ಕ್ಯೂಎಸ್ ಚಿಕ್ಕಮಗಳೂರು
ಕರಾರಿನಲ್ಲಿರೋ ವಿಳಾಸಕ್ಕೆ ಪೋಸ್ಟ್‌ನಲ್ಲಿ ಕಳಿಸಿ, ಅದೇ ಪತ್ರ ಮೇಲ್ ಮಾಡಿ. ಪೋಸ್ಟ್ ರಸೀದಿ ಫೈಲ್‌ನಲ್ಲಿರಲಿ.